ಗಾದೆ ಅನುವಾದದಲ್ಲಿ ಕ್ರಿಯಾಪದ ಹಿಡಿದ ಕಥೆ: ಉಪ್ಪಿನ ಗಾದೆಗಳಲ್ಲಿ ನನ್ನ ಅನುಭವ

ಗಾದೆಗೆ ಗಾದೆ ಹುಡುಕಿ ಹಾಕಿದರೆ ಸಾಕು, ಒಂದೊಂದು ಪದ ಕೆದಕುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ. ಈ ಮಾತನ್ನು ನನಗೆ ಹೇಳದ ಅನುವಾದಕರಿಲ್ಲ. ಸಂಪಾದಕರಂತೂ ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳುತ್ತಿದ್ದರು. ಈಗ ಸುಮಾರು ಮುನ್ನೂರು ಗಾದೆಗಳ ಪಟ್ಟಿ ಇಂಗ್ಲಿಷಿಗೂ ಹಿಂದಿಗೂ ಹೋಗಿ, ಒಪ್ಪಿಗೆ ಆಗಿ, ದುಡ್ಡೂ ಬಂದಿದೆ. ಹೇಗೆ ಮಾಡಿದೆ ಅಂತ ಕೇಳಿದವರಿಗೆ ಇದು ಉತ್ತರ.

ಮೊದಲು ದುಡ್ಡಿನ ವಿಷಯ. ಶುರುವಿನಲ್ಲಿ ಒಪ್ಪಿಕೊಂಡದ್ದು ಪದಕ್ಕೆ ಒಂದೂವರೆ ರೂಪಾಯಿಯಂತೆ. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಅನ್ನುವುದು ನಾಲ್ಕು ಪದ. ಅಂದರೆ ಆರು ರೂಪಾಯಿ. ಇದೊಂದೇ ಗಾದೆ ನನ್ನ ಒಂದು ವಾರದ ಹೆಚ್ಚಿನ ಭಾಗ ತಿಂದಿತು. ಪದದ ಲೆಕ್ಕದಲ್ಲಿ ಗಾದೆ ಒಪ್ಪಿಕೊಳ್ಳಲೇಬೇಡಿ. ಆಮೇಲೆ ನಾನು ಗಾದೆಗೆ ಇಷ್ಟು ಅಂತ ಕೇಳಿದೆ, ನೂರಿಪ್ಪತ್ತರ ಆಸುಪಾಸಿಗೆ ಬಂದು ನಿಂತಿತು. ಅದನ್ನು ಒಪ್ಪಿಸಲು ನೆರವಾದದ್ದೂ ಇದೇ ಉಪ್ಪಿನ ಗಾದೆ.

ಗಾದೆಗೆ ಗಾದೆ ಹಾಕುವ ವಿಧಾನ ಎಲ್ಲಿ ಕೆಡುತ್ತದೆ ಅಂತ ತೋರಿಸಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೆ. ಅನುವಾದವನ್ನು ಕನ್ನಡ ಬಾರದವರ ಕೈಗೆ ಕೊಟ್ಟು, ‘ಈ ಮಾತನ್ನು ಯಾರು ಯಾರಿಗೆ, ಯಾವಾಗ ಹೇಳುತ್ತಾರೆ? ಎರಡು ಸಾಲಿನಲ್ಲಿ ಹೇಳಿ’ ಅಂತ ಕೇಳುವುದು. ಅರ್ಥ ಏನು ಅಂತ ಕೇಳಬಾರದು. ಅರ್ಥ ಕೇಳಿದರೆ ಎಲ್ಲರೂ ಒಂದು ನೀತಿ ಹೇಳಿ ಮುಗಿಸುತ್ತಾರೆ, ಅದು ಸರಿಯಾಗಿಯೇ ಕೇಳಿಸುತ್ತದೆ. ಸಂದರ್ಭ ಕೇಳಿದಾಗ ಬಣ್ಣ ಬಯಲಾಗುತ್ತದೆ.

ಉಪ್ಪಿನ ಗಾದೆಯನ್ನು ಇಂಗ್ಲಿಷಿಗೆ ಪದಕ್ಕೆ ಪದ ಇಟ್ಟು ಕೊಟ್ಟಾಗ ಒಬ್ಬರು ಅದನ್ನು ಆರೋಗ್ಯದ ಸಲಹೆ ಅಂದುಕೊಂಡರು. ಇನ್ನೊಬ್ಬರು ‘ಪ್ರತಿ ಕಷ್ಟಕ್ಕೂ ಪರಿಹಾರ ಇದೆ’ ಅಂತ ಸಮಾಧಾನ ಹೇಳುವ ಮಾತು ಅಂದರು. ಹಿಂದಿಯಲ್ಲಿ ಕೊಟ್ಟಾಗ ಬಂದ ಉತ್ತರ ಇನ್ನೂ ದೂರ: ಯಜಮಾನನ ಋಣ ತೀರಿಸಬೇಕು ಅಂತ ಆಳಿಗೆ ಹೇಳುವುದು. ನಮ್ಮಲ್ಲಿ ಇದನ್ನು ಯಾವಾಗ ಹೇಳುತ್ತಾರೆ? ಲಂಚ ತಿಂದವನು ಸಿಕ್ಕಿಬಿದ್ದಾಗ. ಸಾಲ ಮಾಡಿ ಮೆರೆದವನ ಮನೆ ಬಾಗಿಲಿಗೆ ಸಾಲ ಕೊಟ್ಟವರು ಬಂದು ನಿಂತಾಗ. ಅದೂ ಅವನಿಗೇ ಹೇಳುವುದು ಕಡಿಮೆ, ಅವನ ಬಗ್ಗೆ ಬೇರೆಯವರು ಹೇಳಿಕೊಳ್ಳುವುದೇ ಜಾಸ್ತಿ.

ಮೂರೂ ಉತ್ತರ ಮೂರು ದಿಕ್ಕಿಗೆ ಹೋಗಲು ಕಾರಣ ಏನು? ಉಪ್ಪು ಎಲ್ಲ ಕಡೆಯೂ ಉಪ್ಪೇ. ಅದರ ಸುತ್ತಲಿನ ಮಾತು ಬೇರೆ.

ಅಲ್ಲಿಂದ ನಾನು ಗಾದೆಯನ್ನು ಬಿಟ್ಟು ಪದವನ್ನು ಹಿಡಿದೆ. ಉಪ್ಪು ಬರುವ ಗಾದೆ, ನುಡಿಗಟ್ಟು, ಬೈಗುಳ, ಹಾರೈಕೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ. ಕಿಟ್ಟೆಲ್ ಅವರ 1894ರ ನಿಘಂಟು ಇದಕ್ಕೆ ಚೆನ್ನಾಗಿ ಒದಗುತ್ತದೆ, ಯಾಕೆಂದರೆ ಅಲ್ಲಿ ಪದದ ಕೆಳಗೇ ಗಾದೆಗಳು ಸಿಗುತ್ತವೆ. ಉಳಿದದ್ದು ಮನೆಯ ಹಿರಿಯರ ಬಾಯಿಂದ ಬಂತು. ಬರೆಯುವಾಗ ನಾಮಪದದ ಕೆಳಗೆ ಗೆರೆ ಹಾಕಲಿಲ್ಲ, ಕ್ರಿಯಾಪದದ ಕೆಳಗೆ ಹಾಕಿದೆ. ಎಲ್ಲ ಬದಲಾದದ್ದು ಇಲ್ಲಿ.

ಉಪ್ಪು ಇಡುವುದು ಒಂದು ಗುಂಪು. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ.’ ಇಲ್ಲಿ ಕೊಟ್ಟವರು ಇದ್ದಾರೆ, ಹಾಗಾಗಿ ಉಪ್ಪು ಋಣ. ಉಪ್ಪು ಹಚ್ಚುವುದು ಇನ್ನೊಂದು ಗುಂಪು. ಉಪ್ಪು ಖಾರ ಹಚ್ಚಿ ಹೇಳಿದ ಅಂದರೆ ಇದ್ದದ್ದಕ್ಕೆ ಸೇರಿಸಿ ಹೇಳಿದ ಅಂತ. ಮೂರನೆಯದು ಉಪ್ಪು ತಿನ್ನುವುದು. ತೊಡಕಿನದೇ ಇದು, ಯಾಕೆಂದರೆ ಇದರೊಳಗೆ ಎರಡು ಅರ್ಥ ಇದೆ. ‘ನಿಮ್ಮ ಮನೆಯ ಉಪ್ಪು ತಿಂದಿದ್ದೇನೆ’ ಅಂದರೆ ಋಣ. ‘ಉಪ್ಪು ತಿಂದವನು’ ಅಂದರೆ ತಪ್ಪು ಮಾಡಿದವನು. ತಿನ್ನುವುದು ಅದೇ, ಉಪ್ಪು ಅದೇ.

ವ್ಯತ್ಯಾಸ ಎಲ್ಲಿದೆ ಅಂದರೆ, ಉಪ್ಪಿಗೆ ಒಡೆಯ ಇದ್ದಾನೋ ಇಲ್ಲವೋ ಅನ್ನುವುದರಲ್ಲಿ. ‘ನಿಮ್ಮ’, ‘ಅವರ’, ‘ಮನೆಯ’ ಅನ್ನುವ ಒಂದು ಪದ ಪಕ್ಕದಲ್ಲಿ ಇದ್ದರೆ ಉಪ್ಪು ಋಣದ ಕಡೆ ವಾಲುತ್ತದೆ. ‘ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು’ ಅನ್ನುವಾಗ ಮನೆ ಇದೆ, ಋಣ ಇದೆ. ಒಡೆಯನನ್ನು ತೆಗೆದರೆ ಉಪ್ಪಿನಲ್ಲಿ ಬಾಯಾರಿಕೆ ಮಾತ್ರ ಉಳಿಯುತ್ತದೆ. ಇದನ್ನು ನಾನು ಬೇರೆಲ್ಲೂ ಓದಿಲ್ಲ, ಹಾಳೆ ನೋಡುತ್ತಾ ಕಂಡುಕೊಂಡದ್ದು. ನಿಮಗೆ ಗೊತ್ತಿರುವ ಉಪ್ಪಿನ ಮಾತುಗಳ ಮೇಲೆ ಇಟ್ಟು ನೋಡಿ.

ಹಿಂದಿಯಲ್ಲಿ ಯಾಕೆ ಕೆಟ್ಟಿತು ಅನ್ನುವುದು ಈಗ ಸ್ಪಷ್ಟ. ಅಲ್ಲಿ ನಮಕ್ ತಿಂದೆ ಅಂದ ಕೂಡಲೇ ಋಣದ ಅರ್ಥ ಮೊದಲು ಬಂದು ಕೂರುತ್ತದೆ, ಒಡೆಯನ ಹೆಸರು ಹೇಳದಿದ್ದರೂ. ಅಲ್ಲಿ ಲಂಚವನ್ನೂ ತಿನ್ನುತ್ತಾರೆ, ನಮ್ಮ ಹಾಗೆಯೇ. ಕ್ರಿಯಾಪದ ಸರಿಯಾಗಿ ದಾಟಿದರೂ ನಾಮಪದ ದಾರಿ ತಪ್ಪಿಸಿತು. ಹಾಗಾಗಿ ಹಿಂದಿಗೆ ಉಪ್ಪನ್ನೇ ಬಿಟ್ಟುಕೊಟ್ಟೆ. ‘ಜೈಸೀ ಕರನೀ ವೈಸೀ ಭರನೀ’ ಹಾಕಿದೆ. ಅದು ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’ನಿಗೆ ಹತ್ತಿರ. ಉಪ್ಪಿನ ರುಚಿ ಹೋಯಿತು, ಸಂದರ್ಭ ಉಳಿಯಿತು. ಗಾದೆಗೆ ಗಾದೆ ಹಾಕಿ ಅಂದವರ ಮಾತು ಇಲ್ಲಿ ನಡೆದಿದೆ, ಆದರೆ ಯಾವ ಗಾದೆ ಹಾಕಬೇಕು ಅನ್ನುವುದು ಹಾಳೆ ಮಾಡಿದ ಮೇಲೆಯೇ ಗೊತ್ತಾದದ್ದು.

ಇಂಗ್ಲಿಷಿನಲ್ಲಿ ತೊಂದರೆ ಬೇರೆ. ಅವರಿಗೆ ಈ ಉಪ್ಪಿನಲ್ಲಿ ಋಣವೂ ಕಾಣಿಸಲಿಲ್ಲ, ತಪ್ಪೂ ಕಾಣಿಸಲಿಲ್ಲ. ಜೊತೆಗೆ ‘ಕುಡಿಯಲೇಬೇಕು’ ಕೈಕೊಟ್ಟಿತು. ನಮ್ಮ ‘ಲೇಬೇಕು’ ಇಲ್ಲಿ ಅಪ್ಪಣೆ ಅಲ್ಲ. ತಪ್ಪಿಸಿಕೊಳ್ಳಲು ಆಗುವುದಿಲ್ಲ ಅನ್ನುವ ಅರ್ಥ. ‘ಮಸ್ಟ್’ ಹಾಕಿದ ಕೂಡಲೇ ಅದು ಉಪದೇಶ ಆಯಿತು, ಆರೋಗ್ಯದ ಸಲಹೆ ಹುಟ್ಟಿದ್ದು ಅಲ್ಲಿಂದ.

ಎರಡು ಬದಲಾವಣೆ ಮಾಡಿದೆ. ‘ಮಸ್ಟ್’ ತೆಗೆದು, ಆಗಿಯೇ ಆಗುತ್ತದೆ ಅನ್ನುವ ಭವಿಷ್ಯದ ರೂಪ ಹಾಕಿದೆ. ಮತ್ತೆ, ಕನ್ನಡದವರು ಬಾಯಿಬಿಟ್ಟು ಹೇಳದ ಬಾಯಾರಿಕೆಯನ್ನು ಹೊರಗೆ ತಂದೆ. ಉಪ್ಪಿಗೂ ನೀರಿಗೂ ನಡುವೆ ಬಾಯಾರಿಕೆ ಇದೆ. ನಮಗೆ ಹೇಳಬೇಕಾಗಿಲ್ಲ, ಅವರಿಗೆ ಹೇಳಬೇಕು. ಇಂಗ್ಲಿಷಿನಲ್ಲಿ ಕೊನೆಗೆ ನಿಂತ ಸಾಲನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಿರುತ್ತದೆ: ‘ಉಪ್ಪು ತಿಂದದ್ದು ನೀನು, ಬಾಯಾರಿಕೆಯೂ ನಿನ್ನದೇ.’ ಇದನ್ನು ಹೊಸಬರ ಕೈಗೆ ಕೊಟ್ಟಾಗ ಹತ್ತರಲ್ಲಿ ಏಳೆಂಟು ಜನ ತಪ್ಪು ಮಾಡಿ ಸಿಕ್ಕಿಬಿದ್ದವನ ಸಂದರ್ಭವನ್ನೇ ಹೇಳಿದರು. ಮೊದಲು ಒಬ್ಬರೂ ಹೇಳಿರಲಿಲ್ಲ. ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಸಂಪಾದಕರಿಗೆ ಕಳಿಸಿದೆ. ದರದ ಮಾತು ಆ ದಿನವೇ ಮುಗಿಯಿತು. ‘ನೀನು’ ಅನ್ನುವುದರಿಂದ ಮಾತು ಎದುರಿನವನಿಗೆ ಹೇಳಿದ ಹಾಗೆ ಆಗುತ್ತದೆ, ಅದೊಂದು ನಷ್ಟ. ಮೂರನೆಯವನ ಬಗ್ಗೆ ಹೇಳಿದರೆ ಸಾಲು ಉದ್ದವಾಗಿ ಸಪ್ಪೆಯಾಯಿತು, ಹಾಗಾಗಿ ಈ ನಷ್ಟ ಒಪ್ಪಿಕೊಂಡೆ.

ಸಾಲಿಗೆ ಗಾದೆಯ ಲಯ ಕೊಡಲು ಕೊನೆಯಲ್ಲಿ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಉಪ್ಪು–ಮುಪ್ಪು, ಕೆಸರು–ಮೊಸರು ಇಂಥ ಪ್ರಾಸ ಇರುವ ಕಡೆ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ಮಾತ್ರ ಹೇಳಬಲ್ಲೆ.

ನಡುವೆ ಇನ್ನೊಂದು ಕಡೆ ಹೊರಳಿದೆ. ಕನ್ನಡದವರ ನಡುವೆಯೇ ಪದ ಎಷ್ಟು ಕಳೆದುಹೋಗುತ್ತದೆ ಅಂತ ನೋಡಬೇಕಿತ್ತು. ‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ’ ತೆಗೆದುಕೊಂಡೆ. ಹಳ್ಳದ ಚಿತ್ರ ಬರೆದು ತೋರಿಸಿ ಅಂದೆ. ಮೈಸೂರು ಕಡೆಯ ಹುಡುಗರು ನೆಲದಲ್ಲಿ ಗುಂಡಿ ಬರೆದರು, ಅದರಲ್ಲಿ ನಿಂತ ನೀರು. ಧಾರವಾಡ ಕಡೆಯವರು ಹರಿಯುವ ನೀರು ಬರೆದರು. ಬೆಣ್ಣೆಹಳ್ಳ ನೋಡಿ ಬೆಳೆದವರಿಗೆ ಹಳ್ಳ ಅಂದರೆ ಹರಿಯುವುದೇ, ಅಲ್ವಾ? ಗಾದೆ ಕೂಡಿಸಿಡುವುದರ ಬಗ್ಗೆ. ಗುಂಡಿ ತುಂಬಿದರೂ ಅರ್ಥ ನಡೆಯುತ್ತದೆ. ಆದರೆ ಹರಿಯುವ ಹಳ್ಳದಲ್ಲಿ ಇನ್ನೊಂದು ಬಲ ಇದೆ: ಹನಿಗಳು ಕೂಡಿದ ಮೇಲೆ ತಾವೇ ಮುಂದೆ ಸಾಗುತ್ತವೆ. ಹಿಂದಿನ ಕೆಲವು ಇಂಗ್ಲಿಷ್ ಅನುವಾದಗಳಲ್ಲಿ ಈ ಹಳ್ಳ ಗುಂಡಿಯೇ ಆಗಿರುವುದು ನನ್ನ ಕಣ್ಣಿಗೆ ಬಿದ್ದಿದೆ. ನಾನು ತೊರೆ ಹಾಕಿದೆ.

ಅದೇ ಗಾದೆಯ ಬಳ್ಳದ ಮುಂದೆ ನನ್ನ ವಿಧಾನ ನಿಂತುಹೋಯಿತು. ಬಳ್ಳ ಅಂದರೆ ಕಾಳು ಅಳೆಯುವ ಒಂದು ಅಳತೆ. ಕೇಳಿದ ಹುಡುಗರಲ್ಲಿ ಹೆಚ್ಚಿನವರು ಬಳ್ಳಿ ಅಂದುಕೊಂಡಿದ್ದರು. ಆದರೂ ಗಾದೆಯನ್ನು ಸರಿಯಾದ ಜಾಗದಲ್ಲೇ ಬಳಸುತ್ತಾರೆ! ಬೇರೆ ಮಾತುಗಳಲ್ಲಿ ಬದುಕಿಲ್ಲದ ಪದಕ್ಕೆ ಹಾಳೆ ತುಂಬುವುದಿಲ್ಲ, ಕ್ರಿಯಾಪದದ ಗುಂಪು ಸಿಗುವುದಿಲ್ಲ. ಇಂಥ ಕಡೆ ಅಳತೆಯ ಹೆಸರು ಬಿಟ್ಟು ‘ಕಣಜ’ದಂಥದ್ದೇನಾದರೂ ಹಾಕಿ ಮುಂದೆ ಹೋಗಿ. ಅಡಿಟಿಪ್ಪಣಿ ಹಾಕಬೇಡಿ. ಅಡಿಟಿಪ್ಪಣಿ ಓದಿ ಗಾದೆ ಬಳಸಿದವರನ್ನು ನಾನು ಕಂಡಿಲ್ಲ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಇಲ್ಲಿಯೂ ಗೆರೆ ಹಾಕಬೇಕಾದದ್ದು ಮನೆಗೆ ಅಲ್ಲ, ಮದುವೆಗೂ ಅಲ್ಲ, ‘ನೋಡು’ಗೆ. ಕಣ್ಣಿನಿಂದ ನೋಡುವುದು ಇದಲ್ಲ. ತಿಂದು ನೋಡು, ಕೇಳಿ ನೋಡು ಅನ್ನುವಲ್ಲಿನ ನೋಡು. ಅದಕ್ಕೆ ಸವಾಲು ಸೇರಿದೆ: ಮಾಡು, ಆಮೇಲೆ ಮಾತಾಡು. ಹಾಳೆಯಲ್ಲಿ ‘ಮುಟ್ಟಿ ನೋಡು, ಗೊತ್ತಾಗುತ್ತೆ’ ಅನ್ನುವ ಬೆದರಿಕೆಯನ್ನೂ ಬರೆದಾಗ ಈ ಸವಾಲು ಕಂಡಿತು. ಇಂಗ್ಲಿಷಿನಲ್ಲಿ ಸುಮ್ನೆ ‘ಸೀ’ ಹಾಕಿದ ಅನುವಾದ ಓದಿದವರು, ಮನೆ ಕಟ್ಟುವುದು ಕಣ್ಣಿಗೆ ಹಬ್ಬ ಅಂತ ತಿಳಿದುಕೊಂಡಿದ್ದರು.

ಈಗ ‘ಕೈ’ ಹಿಡಿದು ಕೂತಿದ್ದೇನೆ. ಕೈ ಹಿಡಿದರೆ ಆಸರೆ, ಕೈ ಬಿಟ್ಟರೆ ಅನಾಥ. ಕೈ ಕೊಟ್ಟರೆ ಮಾತ್ರ ಮೋಸ, ಕೊಡುವುದು ಸಾಮಾನ್ಯವಾಗಿ ಒಳ್ಳೆಯದಾಗಿದ್ದರೂ. ಕೈ ಎತ್ತಿದರೆ ಹೊಡೆಯುವುದೂ ಆಗಬಹುದು, ಆಗುವುದಿಲ್ಲ ಅಂತ ಹಿಂದೆ ಸರಿಯುವುದೂ ಆಗಬಹುದು. ಉಪ್ಪಿಗೆ ಒಂದು ಹಾಳೆ ಸಾಕಾಗಿತ್ತು, ಕೈಗೆ ಆಗಲೇ ಐದಾರು ಹಾಳೆ ತುಂಬಿದೆ. ಒಡೆಯ ಇದ್ದಾನೋ ಇಲ್ಲವೋ ಅನ್ನುವ ಸೂತ್ರ ಇಲ್ಲಿ ನಡೆಯುತ್ತಿಲ್ಲ. ಯಾರ ಮೇಲೆ, ಯಾರಿಗೆ ಅನ್ನುವುದರ ಪ್ರಕಾರ ಗುಂಪು ಮಾಡಿ ನೋಡುತ್ತಿದ್ದೇನೆ. ‘ಅವಳ ಮೇಲೆ ಕೈ ಎತ್ತಿದ’, ‘ಡಾಕ್ಟರು ಕೈ ಎತ್ತಿದರು’ ಇವೆರಡು ಅದರಿಂದ ಬೇರೆಯಾಗಿವೆ. ‘ಕೈ ಕೊಟ್ಟ’ ಇನ್ನೂ ಬೇರೆಯಾಗಿಲ್ಲ.