ಆರು ಲಕ್ಷ ಇಟ್ಟರೆ ಆರು ಪರ್ಸೆಂಟ್ ಸಿಗುತ್ತದೆಯೇ? ನಾನು ಲೆಕ್ಕ ಹಾಕಿ ನೋಡಿದ್ದು

ಶಿರಸಿ ಕಡೆಯ ಅಡಿಕೆ ಬೆಳೆಗಾರರ ಖಾತೆಗೆ ತಿಂಗಳು ತಿಂಗಳು ಹಣ ಬೀಳುವುದಿಲ್ಲ. ಚಾಲಿ ಟೆಂಡರಿಗೆ ಹೋದಾಗ ಒಮ್ಮೆಲೇ ಬರುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಕೊಳೆ ಔಷಧಿ, ಕೊನೆಗೌಡರ ಕೂಲಿ, ಮಕ್ಕಳ ಫೀಸು ಎಂದು ಅರ್ಧಕ್ಕಿಂತ ಹೆಚ್ಚು ಖರ್ಚಾಗುತ್ತದೆ. ನಡುವಿನ ಒಂದೂವರೆ ತಿಂಗಳು ಆ ಹಣ ಉಳಿತಾಯ ಖಾತೆಯಲ್ಲೇ ಇರುತ್ತದೆ. ಅದಕ್ಕಾಗಿಯೇ ನಾನು ಬ್ಯಾಲೆನ್ಸ್ ಏರಿದಂತೆ ಬಡ್ಡಿ ದರವೂ ಏರುವ ಒಂದು ಸಣ್ಣ ಬ್ಯಾಂಕಿನಲ್ಲಿ ಖಾತೆ ತೆರೆದೆ. 1 ಲಕ್ಷದವರೆಗೆ 3 ಪರ್ಸೆಂಟ್, 1ರಿಂದ 5 ಲಕ್ಷಕ್ಕೆ 4, 5 ಲಕ್ಷ ದಾಟಿದರೆ 6.

ತೆರೆಯುವ ಮೊದಲು ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಮೇಡಂ, 6 ಲಕ್ಷ ಇದ್ದರೆ ಪೂರ್ತಿ 6 ಲಕ್ಷಕ್ಕೂ 6 ಪರ್ಸೆಂಟಾ, ಅಥವಾ 5 ಲಕ್ಷದ ಮೇಲಿನದಕ್ಕೆ ಮಾತ್ರವಾ?"

"ಮೇಲಿನದಕ್ಕೆ ಮಾತ್ರ ಸರ್. ಕೆಳಗಿನದಕ್ಕೆ ಆಯಾ ಸ್ಲ್ಯಾಬಿನ ದರ."

ಎಲ್ಲವೂ ನಿಂತಿರುವುದು ಈ ಉತ್ತರದ ಮೇಲೆ. ಸ್ಲ್ಯಾಬ್ ಪ್ರಕಾರ ಹಂಚಿದರೆ ಮೊದಲ 1 ಲಕ್ಷಕ್ಕೆ ವರ್ಷಕ್ಕೆ 3,000, ನಂತರದ 4 ಲಕ್ಷಕ್ಕೆ 16,000, ಕೊನೆಯ 1 ಲಕ್ಷಕ್ಕೆ 6,000, ಒಟ್ಟು 25,000 ರೂಪಾಯಿ. ಅಂದರೆ ನಿಜವಾಗಿ ಸಿಗುವ ದರ 4.17 ಪರ್ಸೆಂಟ್. ಪೂರ್ತಿ ಬ್ಯಾಲೆನ್ಸಿಗೆ ಮೇಲಿನ ದರ ಕೊಡುವ ಬ್ಯಾಂಕಾಗಿದ್ದರೆ ಅದೇ ಹಣಕ್ಕೆ 36,000. ಬೋರ್ಡಿನ ಮೇಲಿನ ದರಗಳು ಎರಡೂ ಕಡೆ ಒಂದೇ ರೀತಿ ಕಾಣುತ್ತವೆ.

ಬಾಯಿಮಾತನ್ನು ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವುದು ನನ್ನ ಅಭ್ಯಾಸ. 2010ರ ಏಪ್ರಿಲ್‌ನಿಂದ ಉಳಿತಾಯ ಖಾತೆಯ ಬಡ್ಡಿಯನ್ನು ದಿನದ ಬ್ಯಾಲೆನ್ಸ್ ಮೇಲೆ ಹಾಕಬೇಕೆಂಬ ನಿಯಮವಿದೆ. ಅದಕ್ಕೂ ಮೊದಲು ತಿಂಗಳ 10ನೇ ತಾರೀಕಿನಿಂದ ಕೊನೆಯವರೆಗಿನ ಕನಿಷ್ಠ ಮೊತ್ತವನ್ನಷ್ಟೇ ಹಿಡಿಯುತ್ತಿದ್ದರು. 25ಕ್ಕೆ ಹಣ ತೆಗೆದರೆ ಇಡೀ ತಿಂಗಳ ಬಡ್ಡಿಗೇ ಪೆಟ್ಟು. ಈಗ ದಿನ ಮುಗಿಯುವಾಗ ಎಷ್ಟಿತ್ತು ಎಂಬುದು ಗೊತ್ತಿದ್ದರೆ ಸಾಕು.

ಒಂದು ತ್ರೈಮಾಸಿಕದ ಲೆಕ್ಕವನ್ನು ಮೊತ್ತ ದುಂಡು ಮಾಡಿ ಕೊಡುತ್ತೇನೆ. ಏಪ್ರಿಲ್ 1ರಿಂದ 20 ದಿನ 60,000 ಇತ್ತು. 21ಕ್ಕೆ ಅಡಿಕೆ ಹಣ ಸೇರಿ 6 ಲಕ್ಷವಾಗಿ ಮೇ ಕೊನೆಯವರೆಗೆ, ಅಂದರೆ 41 ದಿನ ಹಾಗೇ ಇತ್ತು. ಜೂನ್ 1ಕ್ಕೆ ಮೂರೂವರೆ ಲಕ್ಷ ತೆಗೆದೆ. ಉಳಿದ 30 ದಿನ 2.5 ಲಕ್ಷ. ಪ್ರತಿ ಹಂತದ ವಾರ್ಷಿಕ ಬಡ್ಡಿಯನ್ನು 365ರಿಂದ ಭಾಗಿಸಿ ದಿನಗಳಿಂದ ಗುಣಿಸಿದರೆ 99, 2,808 ಮತ್ತು 740. ಒಟ್ಟು 3,647 ರೂಪಾಯಿ. ಪೂರ್ತಿ ಬ್ಯಾಲೆನ್ಸಿನ ಪದ್ಧತಿಯಲ್ಲಿ ಇದು 4,964 ಆಗುತ್ತಿತ್ತು. ಜಮೆಯಾದ ಮೊತ್ತ ಯಾವುದರ ಹತ್ತಿರವಿದೆ ಎಂದು ನೋಡಿದರೆ ಬ್ಯಾಂಕಿನ ಪದ್ಧತಿ ತಿಳಿಯುತ್ತದೆ. ಎರಡಕ್ಕೂ ಹೊಂದದಿದ್ದರೆ ನಡುವೆ ದರ ಬದಲಾಗಿದೆಯೇ ಎಂದು ವಿಚಾರಿಸಬೇಕು.

ದೊಡ್ಡ ಬ್ಯಾಲೆನ್ಸಿಗೆ ಬ್ಯಾಂಕು ಹೆಚ್ಚು ಕೊಡುವುದೇಕೆ? 5,000 ಇರುವ ಖಾತೆಗೂ 6 ಲಕ್ಷ ಇರುವ ಖಾತೆಗೂ ಪಾಸ್‌ಬುಕ್, ಕೆವೈಸಿ, ಎಸ್‌ಎಂಎಸ್ ಖರ್ಚು ಹೆಚ್ಚುಕಡಿಮೆ ಒಂದೇ. ದೊಡ್ಡ ಮೊತ್ತದಲ್ಲಿ ಆ ಖರ್ಚು ರೂಪಾಯಿಗೆ ತೀರಾ ಕಡಿಮೆ ಬೀಳುತ್ತದೆ. ಜೊತೆಗೆ, 6 ಲಕ್ಷ ಇರುವವನು ಅದನ್ನು ಎಫ್‌ಡಿಗೋ ಬೇರೆ ಬ್ಯಾಂಕಿಗೋ ಒಯ್ಯಬಹುದೆಂಬುದು ಅವರಿಗೆ ಗೊತ್ತು. ಠೇವಣಿಯ ಅಗತ್ಯ ಹೆಚ್ಚಿರುವ ಸಣ್ಣ ಬ್ಯಾಂಕಿಗೆ ಆ ಹಣ ಉಳಿಸಿಕೊಳ್ಳಲು ಹೆಚ್ಚಿನ ದರವೇ ದಾರಿ. ರಿಸರ್ವ್ ಬ್ಯಾಂಕು 2011ರ ಅಕ್ಟೋಬರಿನಲ್ಲಿ ದರ ನಿರ್ಧಾರವನ್ನು ಬ್ಯಾಂಕುಗಳಿಗೇ ಬಿಟ್ಟಾಗ, 1 ಲಕ್ಷದವರೆಗೆ ಎಲ್ಲರಿಗೂ ಒಂದೇ ದರ, ಅದರ ಮೇಲೆ ಬೇಕಿದ್ದರೆ ಬೇರೆ ದರ ಎಂದು ಗೆರೆ ಎಳೆಯಿತು.

ಆದರೆ ಸ್ಲ್ಯಾಬ್ ಬಂದಾಗಲೆಲ್ಲ ಮೇಲಿನವರಿಗೆ ಹೆಚ್ಚು ಸಿಕ್ಕಿದೆ ಎಂದುಕೊಳ್ಳಬಾರದು. 2017ರ ಜುಲೈ ಕೊನೆಗೆ ಸ್ಟೇಟ್ ಬ್ಯಾಂಕ್ 1 ಕೋಟಿವರೆಗಿನ ಬ್ಯಾಲೆನ್ಸಿಗೆ ದರವನ್ನು 4ರಿಂದ 3.5ಕ್ಕೆ ಇಳಿಸಿ, ಅದರ ಮೇಲಿನವರಿಗೆ 4 ಪರ್ಸೆಂಟನ್ನೇ ಉಳಿಸಿತು. ಅಲ್ಲಿ ಮೇಲಿನವರಿಗೆ ಏನೂ ಏರಲಿಲ್ಲ, ಕೆಳಗಿನವರಿಗೆ ಇಳಿಯಿತು.

ಈಗ ನಾನು ಮಾಡುವುದು ಹೀಗೆ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ನನ್ನ ಬ್ಯಾಂಕಿನ 6 ಪರ್ಸೆಂಟ್ ಶುರುವಾಗುವುದೇ ಆ ಮಿತಿ ಮುಗಿದಲ್ಲಿ. (ಊರಿನ ಸೇವಾ ಸಹಕಾರಿ ಸಂಘದ ಠೇವಣಿಗೆ ಈ ವಿಮೆ ಇಲ್ಲವೇ ಇಲ್ಲ; ಅದನ್ನು ನಾನು ಬೇರೆಯಾಗಿಯೇ ತೂಗುತ್ತೇನೆ.) ಮೇಲಿನ 1 ಲಕ್ಷಕ್ಕೆ 41 ದಿನದಲ್ಲಿ ಸಿಗುವುದು 674 ರೂಪಾಯಿ, 3 ಪರ್ಸೆಂಟ್ ಕೊಡುವ ಇನ್ನೊಂದು ಬ್ಯಾಂಕಿನಲ್ಲಿ ಅದೇ ಲಕ್ಷಕ್ಕೆ 337. ಮಿಕ್ಕ 337ಕ್ಕಾಗಿ ಲಕ್ಷ ರೂಪಾಯಿಯನ್ನು ವಿಮೆಯ ಹೊರಗಿಡಲು ನನಗೆ ಮನಸ್ಸಿಲ್ಲ. ಅಡಿಕೆ ಹಣ ಬಿದ್ದ ದಿನವೇ ಬಡ್ಡಿಗೆ ಜಾಗ ಬಿಟ್ಟು 4.9 ಲಕ್ಷ ಇಲ್ಲಿ ಉಳಿಸಿ, ಉಳಿದದ್ದನ್ನು ಆ ಖಾತೆಗೆ ಕಳಿಸುತ್ತೇನೆ.