ಸುವರ್ಣಾನುಪಾತದತ್ತ ಸಾಗುವ ಅನುಪಾತಕ್ಕೆ ಮಿತಿ ಇದೆಯೆಂದು ತರಗತಿಯಲ್ಲಿ ತೋರಿಸಿದ ಬಗೆ: ನನ್ನ ಅನುಭವ

1, 1, 2, 3, 5, 8 ಶ್ರೇಣಿಯ ಅಕ್ಕಪಕ್ಕದ ಪದಗಳ ಅನುಪಾತವನ್ನು ಪಿಯು ತರಗತಿಯಲ್ಲಿ ನಾನು ವರ್ಷಗಟ್ಟಲೆ ಎಲ್ಲರಂತೆಯೇ ಹೇಳುತ್ತಿದ್ದೆ. ಮಿತಿ x ಎಂದಿಟ್ಟುಕೊಂಡರೆ x = 1 + 1/x ಆಗುತ್ತದೆ, ಬಿಡಿಸಿದರೆ ಸುಮಾರು 1.618, ಅಂದರೆ ಸುವರ್ಣಾನುಪಾತ ಬರುತ್ತದೆ, ಅಲ್ಲಿಗೆ ಪಾಠ ಮುಗಿಯಿತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಮಿತಿ ಇದೆ ಅಂತ ಮೊದಲು ಯಾರು ಹೇಳಿದರು?" ಎಂದು ಕೇಳಿದಳು. ಅವಳ ಅನುಮಾನ ನ್ಯಾಯವಾದದ್ದೇ. 1, 2, 1, 2 ಎಂದು ಸಾಗುವ ಶ್ರೇಣಿಗೂ ಇದೇ ಉಪಾಯ ಹೂಡಿದರೆ x = 1/x ಎಂಬ ಸಮೀಕರಣ ದೊರೆತು 1 ಎಂಬ ಉತ್ತರ ಬರುತ್ತದೆ; ಆದರೆ ಅಲ್ಲಿ ಅನುಪಾತವು 2 ಮತ್ತು ಅರ್ಧದ ನಡುವೆ ಓಲಾಡುತ್ತಲೇ ಇರುತ್ತದೆ, ಎಂದೂ ನೆಲೆ ನಿಲ್ಲುವುದಿಲ್ಲ.

ಮರುವರ್ಷ 1ರಿಂದ 2ರವರೆಗಿನ ಸಂಖ್ಯಾರೇಖೆಯನ್ನು ಒಂದು ಮೀಟರ್ ಉದ್ದಕ್ಕೆ ಫ್ಲೆಕ್ಸಿನಲ್ಲಿ ಮಾಡಿಸಿದೆ. ಕೈಯಿಂದ ಸುಮಾರು ಆರುನೂರು ರೂಪಾಯಿ ಹೋಯಿತು. ಅನುಪಾತಗಳನ್ನು ಗುರುತು ಮಾಡುತ್ತ ಹೋದಾಗ 13/8 ಮತ್ತು 21/13ರ ನಡುವೆ ಒಂದು ಸೆಂಟಿಮೀಟರಿನಷ್ಟು ಜಾಗವಿತ್ತು. ಇನ್ನು ಮೂರು ಹೆಜ್ಜೆ ದಾಟುವಷ್ಟರಲ್ಲಿ ಅಂತರ ಅರ್ಧ ಮಿಲಿಮೀಟರಿಗೆ ಇಳಿದು, ಮಾರ್ಕರ್ ತುದಿಯೇ ಎಲ್ಲವನ್ನೂ ಮುಚ್ಚಿಬಿಟ್ಟಿತು. ಚುಕ್ಕಿಗಳು ಒಂದರ ಮೇಲೊಂದು ಬಿದ್ದವೇ ಹೊರತು ಯಾವುದೂ ಸಾಬೀತಾಗಲಿಲ್ಲ. ಪರೀಕ್ಷೆಗೆ ಬಾರದ ವಿಷಯಕ್ಕೆ ಇಷ್ಟು ಹಣ ಸುರಿಯಬೇಕೇ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ಆ ಫ್ಲೆಕ್ಸ್ ಈಗ ನಮ್ಮ ಮನೆಯ ಸೌದೆ ರಾಶಿಗೆ ಹೊದಿಕೆಯಾಗಿದೆ.

ಕೊನೆಗೆ ಕೈಹಿಡಿದದ್ದು ಮೂವತ್ತು ನಲವತ್ತು ರೂಪಾಯಿಯ ಬಿಲ್ ರೋಲ್. ಆ ಉದ್ದನೆಯ ಕಾಗದದ ಮೇಲೆ, ದಶಮಾಂಶಕ್ಕೆ ಇಳಿಯದೆ, ಅಕ್ಕಪಕ್ಕದ ಎರಡು ಅನುಪಾತಗಳ ವ್ಯತ್ಯಾಸವನ್ನು ಭಿನ್ನರಾಶಿಯಲ್ಲೇ ಬರೆಯಿರಿ ಎಂದೆ. 2/1 ಮತ್ತು 3/2ರ ನಡುವೆ 1/2, 3/2 ಮತ್ತು 5/3ರ ನಡುವೆ 1/6, ಅನಂತರ 1/15, 1/40, 1/104. ಐದಾರು ಸಾಲು ಆಗುವಷ್ಟರಲ್ಲಿ ಅಂಶ ಯಾವಾಗಲೂ 1 ಎಂಬುದು ಅವರಿಗೇ ಹೊಳೆಯಿತು. (ಆ ಮಾತನ್ನು ಮಕ್ಕಳ ಬಾಯಿಂದಲೇ ಹೊರಡಿಸಲು ನಾನು ಕೇಳುವ ಒಂದು ಪ್ರಶ್ನೆಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.)

ಕಾರಣವನ್ನು ಎರಡು ಸಾಲಿನಲ್ಲಿ ತೋರಿಸಬಹುದು. ಅಕ್ಕಪಕ್ಕದ ಪದಗಳು a, b ಆಗಿದ್ದರೆ ಮುಂದಿನದು a + b.

```
(a+b)/b − b/a = (a² + ab − b²)/(ab)
b² + b(a+b) − (a+b)² = −(a² + ab − b²)
```

ಎರಡನೆಯ ಸಾಲು ಹೇಳುವುದಿಷ್ಟೆ: ಒಂದು ಹೆಜ್ಜೆ ಮುಂದೆ ಹೋದರೆ ಅಂಶದ ಚಿಹ್ನೆ ಬದಲಾಗುತ್ತದೆ, ಗಾತ್ರ ಬದಲಾಗುವುದಿಲ್ಲ. 1, 1ರಿಂದ ಹೊರಟರೆ ಅಂಶ 1, ಆಮೇಲೆ −1, ಮತ್ತೆ 1. ಖಗೋಳವಿಜ್ಞಾನಿ ಕ್ಯಾಸಿನಿ 1680ರಲ್ಲಿ ಕಂಡುಕೊಂಡ ನಿತ್ಯಸಮೀಕರಣದ ಮತ್ತೊಂದು ರೂಪ ಇದು. ಚಿಹ್ನೆ ಬದಲಾಗುವುದರಿಂದ ಅನುಪಾತವು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಛೇದ ಬೆಳೆಯುತ್ತಲೇ ಇರುವುದರಿಂದ ಪ್ರತಿ ನೆಗೆತವೂ ಹಿಂದಿನದಕ್ಕಿಂತ ಚಿಕ್ಕದು. ಹಾಗಾಗಿ 1, 3/2, 8/5 ಮೇಲೇರುತ್ತ, 2, 5/3, 13/8 ಕೆಳಗಿಳಿಯುತ್ತ, ನಡುವಿನ ಅಂತರ ಸೊನ್ನೆಯತ್ತ ಸಾಗುತ್ತದೆ. ಇಷ್ಟಾದ ಮೇಲೆ x = 1 + 1/x ಎಂದು ಬರೆಯುವ ಹಕ್ಕು ನಮಗೆ ಬರುತ್ತದೆ. ನಕ್ಕವರಲ್ಲಿ ಇಬ್ಬರು ಈಗ ನನ್ನಿಂದಲೇ ಬಿಲ್ ರೋಲ್ ಕೇಳಿ ಪಡೆಯುತ್ತಾರೆ.

ಅಲ್ಲಿಗೆ ನಿಲ್ಲಲು ಮನಸ್ಸಾಗಲಿಲ್ಲ. 1, 3ರಿಂದ ಹೊರಟು 4, 7, 11 ಎಂದು ಹೋದರೆ ಅಂಶದ ಗಾತ್ರ 5 ಆಗಿ ನಿಲ್ಲುತ್ತದೆ, ಮಿತಿ ಮಾತ್ರ ಅದೇ. ಹಾಗಾದರೆ ಅಂಶ ಸೊನ್ನೆಯಾಗುವಂತೆ ಹೊರಡಲಾದೀತೇ ಎಂದು ಹುಡುಗನೊಬ್ಬ ಕೇಳಿದ. ಆಗುತ್ತದೆ: 1ರ ಮುಂದೆ (1 − √5)/2, ಅಂದರೆ ಸುಮಾರು −0.618, ಇಟ್ಟರೆ ಅನುಪಾತ ಆ ಋಣಸಂಖ್ಯೆಯನ್ನು ಬಿಟ್ಟು ಅಲುಗುವುದೇ ಇಲ್ಲ. ಕ್ಯಾಲ್ಕುಲೇಟರಿನಲ್ಲಿ ನೋಡೋಣವೆಂದು −0.618034 ಒತ್ತಿ ಕೂಡಿಸುತ್ತ ಹೋದೆವು. ಪದಗಳು ಧನ, ಋಣ, ಧನ, ಋಣ ಎಂದು ಸಣ್ಣದಾಗುತ್ತ ಬಂದು ಹತ್ತೊಂಬತ್ತನೆಯದು 0.000144, ಇಪ್ಪತ್ತನೆಯದು −0.000154 ಆದವು. ಇಪ್ಪತ್ತೊಂದನೆಯದು ಧನವಾಗಬೇಕಿತ್ತು, −0.00001 ಬಂತು. ಅಲ್ಲಿಂದ ಮುಂದೆ ಎಲ್ಲವೂ ಋಣವೇ, ಗಾತ್ರ ಬೆಳೆಯುತ್ತಲೇ ಹೋಯಿತು. ಯಾರೋ ತಪ್ಪು ಗುಂಡಿ ಒತ್ತಿದ್ದಾರೆಂದು ನಾನೇ ಗದರಿ ಮತ್ತೆ ಮೊದಲಿಂದ ಮಾಡಿಸಿದೆ, ಅದೇ ಬಂತು. ಆರು ದಶಮಾಂಶಕ್ಕೆ ನಿಲ್ಲಿಸಿದಾಗ ಅಂಶವು ಸೊನ್ನೆಯಾಗದೆ ಸುಮಾರು ನಾಲ್ಕು ಕೋಟಿಯಲ್ಲಿ ಒಂದು ಪಾಲಿನಷ್ಟು ಉಳಿದಿತ್ತು. ಪದಗಳು ಕುಗ್ಗಿದಂತೆ ಛೇದವೂ ಕುಗ್ಗಿ, ಆ ಚೂರೇ ಅನುಪಾತವನ್ನು ಎಳೆದುಕೊಂಡು ಹೋಯಿತು. ಇಪ್ಪತ್ತೇಳನೆಯ ಪದದ ಹೊತ್ತಿಗೆ ಭಾಗಿಸಿ ನೋಡಿದರೆ ಅನುಪಾತ 1.60ರ ಆಸುಪಾಸಿನಲ್ಲಿತ್ತು, ಮುಂದಿನದು 1.62.