ಕೊಬ್ಬರಿ ಎಣ್ಣೆ ಬೆಲೆ ಏರಿಸುವ ಮುಂಚೆ ಗಿರಾಕಿಗಳಿಗೆ ಹೇಳಿದ್ದು ಹೀಗೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಸಣ್ಣ ಮರದ ಗಾಣ ಇದೆ. 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಧಾರಣೆ ಏರುತ್ತಲೇ ಹೋಯಿತು. ನಾನು ಕಿಲೋಗೆ 150 ರೂಪಾಯಿಯಂತೆ ತರುತ್ತಿದ್ದ ಕೊಬ್ಬರಿ 220 ಆಯಿತು. ನಮ್ಮ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ 1.7 ಕಿಲೋ ಕೊಬ್ಬರಿ ಬೇಕು. ಅಲ್ಲಿಗೆ ಲೀಟರಿಗೆ 119 ರೂಪಾಯಿ ಖರ್ಚು ಜಾಸ್ತಿ ಆಯಿತು. 380ಕ್ಕೆ ಕೊಡುತ್ತಿದ್ದ ಎಣ್ಣೆಯನ್ನು 500 ಮಾಡಲೇಬೇಕಾಯಿತು.

ಜುಲೈ 1ಕ್ಕೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಇಷ್ಟೇ:

"ನಮಸ್ಕಾರ. ಆಗಸ್ಟ್ 1ರಿಂದ ಕೊಬ್ಬರಿ ಎಣ್ಣೆ ಲೀಟರಿಗೆ 380ರ ಬದಲು 500 ರೂಪಾಯಿ. ಕೊಬ್ಬರಿ ಕಿಲೋಗೆ 150ರಿಂದ 220 ಆಗಿದೆ. ಒಂದು ಲೀಟರಿಗೆ 1.7 ಕಿಲೋ ಬೇಕು. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ಬೆಲೆ ಬದಲಾಗಿಲ್ಲ. ಪ್ರತಿ ತಿಂಗಳು ಕೊಳ್ಳುವವರಿಗೆ ಆಗಸ್ಟ್ 31ರವರೆಗೂ ಹಳೇ ಬೆಲೆಯೇ, ನಿಮ್ಮ ಮಾಮೂಲಿ ಲೆಕ್ಕದಷ್ಟು. ಮುಂಗಡ ಕೊಟ್ಟವರಿಗೆ ಹಳೇ ಬೆಲೆಯಲ್ಲೇ ಕೊಡುತ್ತೇವೆ."

"ಕಚ್ಚಾ ವಸ್ತು ದುಬಾರಿ" ಅಂತ ಸುಮ್ನೆ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಲೆಕ್ಕ ಕೊಟ್ಟಿದ್ದರಿಂದ ಹಲವರು ತಾವೇ ಗುಣಿಸಿ ನೋಡಿದರು. ಬದಲಾಗದ ಎಣ್ಣೆಗಳ ಹೆಸರು ಹಾಕಿದ್ದೂ ಅದಕ್ಕೇ. ಇಲ್ಲದಿದ್ದರೆ ಎಲ್ಲವೂ ಏರಿತು ಅಂದುಕೊಳ್ಳುತ್ತಾರೆ.

"ಮಾಮೂಲಿ ಲೆಕ್ಕದಷ್ಟು" ಅನ್ನುವ ಮಾತು ಬಿಡಬೇಡಿ. ತಿಂಗಳಿಗೆ ಎರಡು ಲೀಟರ್ ಒಯ್ಯುವ ಮನೆಯವರೊಬ್ಬರು ಹತ್ತು ಲೀಟರ್ ಕೇಳಿದರು. ಎರಡು ಹಳೇ ಬೆಲೆಗೆ, ಉಳಿದದ್ದು ಹೊಸ ಬೆಲೆಗೆ ಅಂದೆ. ನಾಲ್ಕು ಲೀಟರಿಗೆ ಒಪ್ಪಿದರು.

ಹೋಟೆಲ್, ಮೆಸ್‌ನವರಿಗೆ ಮೆಸೇಜ್ ಸಾಲದು. ಅವರೂ ತಿಂಡಿಯ ಬೆಲೆ ಬದಲಿಸಬೇಕಲ್ವಾ? ಅವರಿಗೆ ಜೂನ್‌ನಲ್ಲೇ ಫೋನ್ ಮಾಡಿದ್ದೆ. ಸರಸ್ವತಿಪುರಂನ ಮೆಸ್‌ನವರು, "ಒಂದೇ ಸಲ 120 ಅಂದ್ರೆ ಹೆಂಗಣ್ಣ?" ಅಂದರು. ಅವರಿಗೆ ಮಾತ್ರ ಆಗಸ್ಟ್‌ನಲ್ಲಿ 440, ಸೆಪ್ಟೆಂಬರ್‌ನಿಂದ 500 ಅಂತ ಎರಡು ಮೆಟ್ಟಿಲು ಮಾಡಿದೆ. ಅದನ್ನು ಬರೆದೂ ಕೊಟ್ಟೆ.

ದಿನಾಂಕ ಗೊತ್ತುಮಾಡುವಾಗ ತಲೆ ಕೆಡಿಸಿದ್ದು ಬಾಟಲಿ ಮೇಲಿನ ಎಂಆರ್‌ಪಿ. ಹಳೇ ಎಂಆರ್‌ಪಿ ಅಚ್ಚಾದ ಬಾಟಲಿಗೆ ಜಾಸ್ತಿ ಬೆಲೆಯ ಸ್ಟಿಕ್ಕರ್ ಅಂಟಿಸಿ ಮಾರುವಂತಿಲ್ಲ. ಅದನ್ನು ಹಳೇ ಬೆಲೆಗೇ ಮಾರಿ ಮುಗಿಸಬೇಕು. ಕಪಾಟಿನ ಬಾಟಲಿ ಎಷ್ಟು ದಿನಕ್ಕೆ ಖಾಲಿ ಆಗುತ್ತದೆ ಅಂತ ನೋಡಿಯೇ ಆಗಸ್ಟ್ 1 ಇಟ್ಟೆ. ಆಮೇಲೆ ತುಂಬಿದ ಬಾಟಲಿಗೆ 500ರ ಲೇಬಲ್ ಹಾಕಿದೆವು. ಹಳೇ ಗಿರಾಕಿಗೆ ಅದನ್ನೇ 380ಕ್ಕೆ ಬಿಲ್ ಮಾಡಬಹುದು. ಎಂಆರ್‌ಪಿಗಿಂತ ಕಡಿಮೆಗೆ ಕೊಡಲು ಅಡ್ಡಿಯಿಲ್ಲ.

ಕಾರಣ ಬರೆದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: "ಕೊಬ್ಬರಿ ಇಳಿದರೆ ನೀವೂ ಇಳಿಸ್ತೀರಾ?" ಕಿಲೋಗೆ 190ರ ಕೆಳಗೆ ಬಂದು ಒಂದು ತಿಂಗಳು ಅಲ್ಲೇ ನಿಂತರೆ 450 ಮಾಡುತ್ತೇನೆ ಅಂತ ಕೇಳಿದವರಿಗೆಲ್ಲ ಹೇಳಿದ್ದೇನೆ.